ಕಿಡಿ ಹಾರುವ ಮೊದಲಿನ ಎರಡು ಮಿಲಿಸೆಕೆಂಡ್

ಈಗಿನ ಪೆಟ್ರೋಲ್ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಸಾಲಾಗಿ ಕೂತ ಕಪ್ಪು ಡಬ್ಬಿಗಳು ಕಾಣುತ್ತವೆ. ಸಾಮಾನ್ಯವಾಗಿ ಒಂದೊಂದು ಪ್ಲಗ್‌ಗೆ ಒಂದೊಂದು. ಗ್ಯಾರೇಜಿನಲ್ಲಿ ಅದಕ್ಕೆ ‘ಕಾಯಿಲ್’ ಅಂದರೆ ಸಾಕು, ಎಲ್ಲರಿಗೂ ಗೊತ್ತು. ಕಬ್ಬಿಣದ ತಿರುಳಿನ ಸುತ್ತ ತಾಮ್ರದ ತಂತಿ ಸುತ್ತಿದ ಈ ಡಬ್ಬಿ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಪ್ಲಗ್‌ನ ಸಂದಿಯನ್ನು ದಾಟಿ ಕಿಡಿ ಹಾರಿಸುವ ತಾಕತ್ತಿಲ್ಲ, ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಹಾಗಾಗಿ ಕಾಯಿಲ್ ಮೊದಲು ಒಂದೆರಡು ಮಿಲಿಸೆಕೆಂಡ್ ಬ್ಯಾಟರಿಯಿಂದ ಶಕ್ತಿಯನ್ನು ಹೀರಿ ತನ್ನ ಕಾಂತಕ್ಷೇತ್ರದಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಪ್ರವಾಹವನ್ನು ಥಟ್ಟನೆ ಕಡಿದಾಗ ಅಷ್ಟನ್ನೂ ಒಮ್ಮೆಲೇ ಹೊರಗೆ ಕೊಡುತ್ತದೆ. ಆ ಒಂದೆರಡು ಮಿಲಿಸೆಕೆಂಡಿನಲ್ಲಿ ಎಷ್ಟು ಶಕ್ತಿ ಸೇರಿತು ಎಂಬುದನ್ನು ಲೆಕ್ಕ ಹಾಕುವುದು ಹೇಗೆ?

ಉತ್ತರ ಪಠ್ಯಪುಸ್ತಕದಲ್ಲಿ ಒಂದೇ ಸಾಲಿನಲ್ಲಿದೆ: E = ½Li². ನಾವು ಬಹಳಷ್ಟು ಜನ ಅದನ್ನು ಉರು ಹೊಡೆದು ಪರೀಕ್ಷೆ ಬರೆದವರೇ. ಆದರೆ ಆ ಸೂತ್ರ ಬಂದದ್ದು ಎಲ್ಲಿಂದ ಎಂದು ಗೊತ್ತಿಲ್ಲದಿದ್ದರೆ, ಅದು ಎಲ್ಲಿ ಕೈಕೊಡುತ್ತದೆ ಎಂಬುದೂ ಗೊತ್ತಾಗುವುದಿಲ್ಲ. ಅದಕ್ಕೇ ಸೂತ್ರವನ್ನು ಬದಿಗಿಟ್ಟು ಕೈಯಾರೆ ಲೆಕ್ಕ ಮಾಡಿ ನೋಡೋಣ.

ಕಾಯಿಲ್‌ನ ಇಂಡಕ್ಟೆನ್ಸ್ 4 ಮಿಲಿಹೆನ್ರಿ ಇರಲಿ, ಬ್ಯಾಟರಿ 12 ವೋಲ್ಟ್. ತಂತಿಯ ರೆಸಿಸ್ಟೆನ್ಸ್ ಸದ್ಯಕ್ಕೆ ಇಲ್ಲವೆಂದೇ ತಿಳಿಯೋಣ. ಇಂಡಕ್ಟರ್‌ನ ಸ್ವಭಾವವೇನೆಂದರೆ, ಅದರ ಮೇಲೆ ವೋಲ್ಟೇಜ್ ಹಾಕಿದ ಕೂಡಲೇ ಪ್ರವಾಹ ನುಗ್ಗುವುದಿಲ್ಲ, ನಿಧಾನವಾಗಿ ಏರುತ್ತದೆ. ಏರುವ ವೇಗ ಎಂದರೆ ವೋಲ್ಟೇಜನ್ನು ಇಂಡಕ್ಟೆನ್ಸ್‌ನಿಂದ ಭಾಗಿಸಿದಷ್ಟು. ಇಲ್ಲಿ ಅದು ಪ್ರತಿ ಮಿಲಿಸೆಕೆಂಡಿಗೆ 3 ಆಂಪಿಯರ್. ಸೊನ್ನೆಯಿಂದ ಹೊರಟ ಪ್ರವಾಹ ಒಂದು ಮಿಲಿಸೆಕೆಂಡಿಗೆ 3, ಎರಡಕ್ಕೆ 6 ಆಂಪಿಯರ್ ಮುಟ್ಟುತ್ತದೆ. ಗ್ರಾಫ್ ಹಾಕಿದರೆ ಓರೆಯಾಗಿ ಮೇಲೇರುವ ನೇರ ಗೆರೆ.

ಪವರ್ ಎಂದರೆ ಆ ಕ್ಷಣದ ವೋಲ್ಟೇಜನ್ನು ಆ ಕ್ಷಣದ ಪ್ರವಾಹದಿಂದ ಗುಣಿಸಿದ್ದು. ವೋಲ್ಟೇಜ್ 12ರಲ್ಲೇ ನಿಂತಿರುವುದರಿಂದ ಪವರ್ ಕೂಡ ಸೊನ್ನೆಯಿಂದ ಶುರುವಾಗಿ ಎರಡು ಮಿಲಿಸೆಕೆಂಡಿಗೆ 72 ವ್ಯಾಟ್ ತನಕ ಏರುತ್ತದೆ. ಎಡವುವುದು ಇಲ್ಲೇ. 72 ವ್ಯಾಟನ್ನು 2 ಮಿಲಿಸೆಕೆಂಡಿನಿಂದ ಗುಣಿಸಿ 144 ಮಿಲಿಜೌಲ್ ಎಂದು ಬರೆದುಬಿಡುವವರುಂಟು. ಆದರೆ 72 ವ್ಯಾಟ್ ಇದ್ದದ್ದು ಕೊನೆಯ ಕ್ಷಣದಲ್ಲಿ ಮಾತ್ರ. ಶುರುವಿನಲ್ಲಿ ಏನೂ ಇರಲಿಲ್ಲ.

ಆದ್ದರಿಂದ ಎರಡು ಮಿಲಿಸೆಕೆಂಡನ್ನು ಅರ್ಧರ್ಧವಾಗಿ ನಾಲ್ಕು ತುಂಡು ಮಾಡೋಣ. ಪ್ರತಿ ತುಂಡಿನ ನಟ್ಟನಡುವೆ ಪ್ರವಾಹ ಎಷ್ಟಿತ್ತೆಂದು ನೋಡಿದರೆ ಕ್ರಮವಾಗಿ 0.75, 2.25, 3.75, 5.25 ಆಂಪಿಯರ್. ಹನ್ನೆರಡರಿಂದ ಗುಣಿಸಿದರೆ ಪವರ್ 9, 27, 45, 63 ವ್ಯಾಟ್. ಒಂದೊಂದನ್ನೂ ಅರ್ಧ ಮಿಲಿಸೆಕೆಂಡಿನಿಂದ ಗುಣಿಸಿದರೆ ಆಯಾ ತುಂಡಿನಲ್ಲಿ ಒಳಬಂದ ಶಕ್ತಿ: 4.5, 13.5, 22.5, 31.5 ಮಿಲಿಜೌಲ್. ನಾಲ್ಕನ್ನೂ ಕೂಡಿಸಿ, 72 ಮಿಲಿಜೌಲ್ ಬರುತ್ತದೆ.

ಅನುಕಲನ ಎಂದು ಕಾಲೇಜಿನಲ್ಲಿ ಹೆದರಿಸಿದ್ದು ಇದನ್ನೇ. ಕಾಲವನ್ನು ಸಣ್ಣಗೆ ಹೆಚ್ಚಿ, ಪ್ರತಿ ಚೂರಿನಲ್ಲೂ ಪವರ್ ಮತ್ತು ಕಾಲದ ಗುಣಲಬ್ಧ ತೆಗೆದು ಕೂಡುವುದು. ಗ್ರಾಫಿನಲ್ಲಿ ಹೇಳುವುದಾದರೆ ಪವರ್ ಗೆರೆಯ ಕೆಳಗಿನ ಜಾಗದ ವಿಸ್ತೀರ್ಣ. ಇಲ್ಲಿ ಆ ಜಾಗ ಒಂದು ತ್ರಿಕೋನ, ಪಾದ 2 ಮಿಲಿಸೆಕೆಂಡ್, ಎತ್ತರ 72 ವ್ಯಾಟ್. ಅರ್ಧ ಪಾದ ಗುಣಿಸು ಎತ್ತರ ಎಂದರೆ ಅದೇ 72. ಸೂತ್ರದಲ್ಲಿರುವ ಆ ‘½’ ಬೇರೆಲ್ಲಿಂದಲೂ ಬಂದದ್ದಲ್ಲ, ಈ ತ್ರಿಕೋನದ್ದೇ.

ಮೇಲಿನ ನಾಲ್ಕು ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಅವು 1, 3, 5, 7ರ ಪ್ರಮಾಣದಲ್ಲಿವೆ. ಒಂದೊಂದಾಗಿ ಕೂಡುತ್ತಾ ಹೋದರೆ 1, 4, 9, 16 ಪಟ್ಟು, ಅಂದರೆ ವರ್ಗಸಂಖ್ಯೆಗಳು. ಕಾಲ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಮೊದಲ ಒಂದು ಮಿಲಿಸೆಕೆಂಡಿನಲ್ಲಿ ಸೇರಿದ್ದು ಬರೀ 18 ಮಿಲಿಜೌಲ್, ಉಳಿದ 54 ಬಂದದ್ದು ಎರಡನೆಯ ಮಿಲಿಸೆಕೆಂಡಿನಲ್ಲಿ. ಎಂಜಿನ್ ಕಂಪ್ಯೂಟರ್ ಪ್ರವಾಹವನ್ನು ಸ್ವಲ್ಪ ಬೇಗ ಕಡಿದರೂ ಕಿಡಿ ಸೊರಗುವುದು ಈ ಕಾರಣಕ್ಕೆ.

ಬ್ಯಾಟರಿ ಸೊರಗಿದಾಗಲೂ ಇದೇ ಕಥೆ. ಬೆಳಗ್ಗೆ ಸೆಲ್ಫ್ ಹೊಡೆದಾಗ ಸ್ಟಾರ್ಟರ್ ಮೋಟಾರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದರೆ ಬ್ಯಾಟರಿ ವೋಲ್ಟೇಜ್ 9ಕ್ಕೆ ಇಳಿಯಬಹುದು. ಆಗ ಎರಡು ಮಿಲಿಸೆಕೆಂಡಿಗೆ ಪ್ರವಾಹ 4.5 ಆಂಪಿಯರ್ ಮಾತ್ರ, ಶಕ್ತಿ 40.5 ಮಿಲಿಜೌಲ್. ವೋಲ್ಟೇಜ್ ಕಾಲು ಭಾಗ ಇಳಿದದ್ದಕ್ಕೆ ಶಕ್ತಿ ಹೆಚ್ಚೂಕಡಿಮೆ ಅರ್ಧದಷ್ಟಾಯಿತು. ಇದಕ್ಕೆಂದೇ ಎಂಜಿನ್ ಕಂಪ್ಯೂಟರ್ ಬ್ಯಾಟರಿ ವೋಲ್ಟೇಜನ್ನು ನೋಡಿಕೊಂಡು, ಅದು ಕಡಿಮೆಯಿದ್ದಾಗ ಕಾಯಿಲ್ ತುಂಬುವ ಕಾಲವನ್ನು ಹಿಗ್ಗಿಸುತ್ತದೆ. 9 ವೋಲ್ಟಿನಲ್ಲಿ 6 ಆಂಪಿಯರ್ ಮುಟ್ಟಲು 2.67 ಮಿಲಿಸೆಕೆಂಡ್ ಬೇಕು.

ಇಷ್ಟು ಹೊತ್ತು ಮರೆತಂತೆ ಇದ್ದ ರೆಸಿಸ್ಟೆನ್ಸನ್ನು ಈಗ ಒಳಗೆ ಕರೆಯೋಣ. ತಾಮ್ರದ ತಂತಿಗೆ 0.6 ಓಮ್ ಇದೆ ಎನ್ನಿ. ಪ್ರವಾಹ ಏರಿದಂತೆ ಈ 0.6 ಓಮ್ ತನ್ನ ಪಾಲಿನ ವೋಲ್ಟೇಜನ್ನು ತಿನ್ನುತ್ತದೆ, ಇಂಡಕ್ಟೆನ್ಸ್ ಪಾಲಿಗೆ ಉಳಿಯುವುದು ಕಡಿಮೆಯಾಗುತ್ತದೆ. ನೇರ ಗೆರೆ ಕೆಳಮುಖವಾಗಿ ಬಾಗುತ್ತದೆ. ಎರಡು ಮಿಲಿಸೆಕೆಂಡಿಗೆ 6ರ ಬದಲು 5.18 ಆಂಪಿಯರ್.

ಈಗ ಪ್ರಶ್ನೆ: ಪವರ್ ಲೆಕ್ಕಕ್ಕೆ ಯಾವ ವೋಲ್ಟೇಜ್ ಹಿಡಿಯಬೇಕು? ಕಾಯಿಲ್‌ನ ಎರಡು ಟರ್ಮಿನಲ್‌ಗಳ ಮಧ್ಯೆ ಮೀಟರ್ ಇಟ್ಟರೆ 12 ವೋಲ್ಟೇ ತೋರಿಸುತ್ತದೆ. ಅದನ್ನು ಪ್ರವಾಹದಿಂದ ಗುಣಿಸಿ ವಿಸ್ತೀರ್ಣ ತೆಗೆದರೆ 65.3 ಮಿಲಿಜೌಲ್ ಬರುತ್ತದೆ. ಇದು ಬ್ಯಾಟರಿ ಕೊಟ್ಟ ಶಕ್ತಿಯೇ ಹೊರತು ಕಾಯಿಲ್‌ನಲ್ಲಿ ಉಳಿದದ್ದಲ್ಲ. ಪ್ರತಿ ಕ್ಷಣದಲ್ಲೂ 12ರಿಂದ ರೆಸಿಸ್ಟೆನ್ಸ್‌ನ ಪಾಲನ್ನು ಕಳೆದು, ಉಳಿದ ವೋಲ್ಟೇಜಿನಿಂದ ಗುಣಿಸಿ ಕೂಡಿದರೆ 53.7 ಸಿಗುತ್ತದೆ. ವ್ಯತ್ಯಾಸದ 11.6 ಮಿಲಿಜೌಲ್ ತಂತಿ ಬಿಸಿಯಾಗಲು ಖರ್ಚಾಗಿದೆ. ಇಂಡಕ್ಟರ್ ತಂತಿಯೊಳಗೇ ರೆಸಿಸ್ಟೆನ್ಸ್ ಸೇರಿಕೊಂಡಿರುವುದರಿಂದ ಎರಡನ್ನೂ ಮೀಟರ್ ಕಡ್ಡಿಯಿಂದ ಬೇರ್ಪಡಿಸಲು ಆಗುವುದಿಲ್ಲ, ಲೆಕ್ಕದಲ್ಲಿ ಮಾತ್ರ ಬೇರ್ಪಡಿಸಬಹುದು. ಸರಿಯಾಯಿತೋ ಇಲ್ಲವೋ ನೋಡಲು ಸುಲಭದ ದಾರಿ ½Li². 5.18 ಆಂಪಿಯರ್ ಹಾಕಿದರೆ ಅದೂ 53.7 ಎನ್ನುತ್ತದೆ. ವಿಸ್ತೀರ್ಣ ಇದಕ್ಕಿಂತ ಹೆಚ್ಚು ಬಂದರೆ ಶಾಖವನ್ನೂ ಶಕ್ತಿಯ ಖಾತೆಗೆ ಬರೆದುಕೊಂಡಿದ್ದೀರಿ ಎಂದರ್ಥ.

ತುಂಬುವ ಕಾಲವನ್ನು ಹಿಗ್ಗಿಸುತ್ತಲೇ ಹೋದರೆ? ಪ್ರವಾಹ ಕೊನೆಗೆ ಒಂದು ಮಿತಿಗೆ ಬಂದು ನಿಲ್ಲುತ್ತದೆ. ಪ್ರವಾಹ ಬದಲಾಗದಿದ್ದರೆ ಇಂಡಕ್ಟೆನ್ಸ್ ಮೇಲೆ ವೋಲ್ಟೇಜ್ ಇಲ್ಲ, ವೋಲ್ಟೇಜ್ ಇಲ್ಲದಿದ್ದರೆ ಒಳಬರುವ ಶಕ್ತಿಯೂ ಸೊನ್ನೆ. ಬ್ಯಾಟರಿಯಿಂದ ಬರುವುದೆಲ್ಲ ಶಾಖ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಓಡಿಸಿದ ಹಳಬರಿಗೆ ಇದು ಅನುಭವದಿಂದ ಗೊತ್ತು. ಎಂಜಿನ್ ನಿಂತಿರುವಾಗ ಕೀ ಆನ್ ಮಾಡಿಯೇ ಬಿಟ್ಟರೆ, ಪಾಯಿಂಟ್ ಮುಚ್ಚಿಕೊಂಡಿದ್ದರೆ, ಕಾಯಿಲ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು. 3 ಓಮ್ ಕಾಯಿಲ್ ಆದರೆ 4 ಆಂಪಿಯರ್, 48 ವ್ಯಾಟ್. ಸೋಲ್ಡರಿಂಗ್ ಐರನ್‌ನಷ್ಟು ಬಿಸಿ, ಶೇಖರಣೆ ಮಾತ್ರ ಇದ್ದಷ್ಟೇ.

ಸೂತ್ರ ನಿಜಕ್ಕೂ ಕೈಕೊಡುವುದು ಬೇರೊಂದು ಕಡೆ. ಕಬ್ಬಿಣದ ತಿರುಳಿಗೂ ಒಂದು ಮಿತಿಯಿದೆ, ಅದಕ್ಕಿಂತ ಹೆಚ್ಚು ಪ್ರವಾಹ ಹರಿದರೆ ಅದು ಹೊಸದಾಗಿ ಕಾಂತಕ್ಷೇತ್ರವನ್ನು ಹಿಡಿಯಲಾರದು. ಆಗ ಇಂಡಕ್ಟೆನ್ಸ್ ಕುಸಿಯುತ್ತದೆ, ಪ್ರವಾಹ ತಡೆಯಿಲ್ಲದೆ ಮೇಲಕ್ಕೆ ಚಿಮ್ಮುತ್ತದೆ. ಆಸಿಲೋಸ್ಕೋಪ್ ಪರದೆಯಲ್ಲಿ ಗೆರೆ ಕೆಳಮುಖವಾಗಿ ಬಾಗುವ ಬದಲು ಕೊನೆಗೆ ಕೊಕ್ಕೆಯಂತೆ ಮೇಲೆದ್ದಿದ್ದರೆ ಅದು ಸ್ಯಾಚುರೇಶನ್. ಲೇಬಲ್ ಮೇಲೆ ಬರೆದ 4 ಮಿಲಿಹೆನ್ರಿಯನ್ನೂ ಆಗಿನ ದೊಡ್ಡ ಪ್ರವಾಹವನ್ನೂ ½Li² ಒಳಗೆ ಹಾಕಿದರೆ ಇಲ್ಲದ ಶಕ್ತಿ ಇದೆಯೆಂದು ಉತ್ತರ ಬರುತ್ತದೆ. ಯಾಕೆಂದರೆ ಆ ಸೂತ್ರಕ್ಕೆ L ಕೊನೆತನಕ ಒಂದೇ ಇರಬೇಕು. ವಿಸ್ತೀರ್ಣಕ್ಕೆ ಆ ಷರತ್ತಿಲ್ಲ. ರೆಸಿಸ್ಟೆನ್ಸ್ ಪಾಲು ಕಳೆದು ಚೂರುಚೂರಾಗಿ ಕೂಡಿದ ಲೆಕ್ಕ, ಗೆರೆ ಹೇಗೇ ಬಾಗಿದರೂ, ಒಳಗೆ ಹೋದದ್ದೆಷ್ಟು ಎಂಬುದನ್ನು ಸರಿಯಾಗಿಯೇ ಹೇಳುತ್ತದೆ. ತಿರುಳು ತಾನೇ ಬಿಸಿಯಾಗಲು ನುಂಗಿದ ಸ್ವಲ್ಪ ಭಾಗವೂ ಅದರಲ್ಲಿ ಸೇರಿರುತ್ತದೆ, ಅಷ್ಟೆ.

ಹೊರಬರುವಾಗಿನ ಲೆಕ್ಕವೂ ಹೀಗೇ. ಪ್ರವಾಹ ಕಡಿದೊಡನೆ ವೋಲ್ಟೇಜಿನ ಚಿಹ್ನೆ ತಿರುಗುತ್ತದೆ, ಪವರ್ ಋಣವಾಗುತ್ತದೆ, ಅಂದರೆ ಕಾಯಿಲ್ ಈಗ ಕೊಡುವವನ ಜಾಗದಲ್ಲಿದೆ. ಎರಡನೆಯ ಸುತ್ತಿನಲ್ಲಿ ನೂರು ಪಟ್ಟು ಹೆಚ್ಚು ಸುರುಳಿಗಳಿದ್ದರೆ 5.18 ಆಂಪಿಯರ್ ಅಲ್ಲಿ 52 ಮಿಲಿಆಂಪಿಯರ್ ಆಗಿ ಶುರುವಾಗಿ ಇಳಿಯುತ್ತಾ ಬರುತ್ತದೆ. ಒಮ್ಮೆ ಕಿಡಿ ಹೊತ್ತಿಕೊಂಡ ಮೇಲೆ ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಅದು ಉರಿಯುತ್ತದೆ. ಒಂದೂವರೆ ಮಿಲಿಸೆಕೆಂಡಿಗೆ ಪ್ರವಾಹ ಸೊನ್ನೆಗೆ ಬಂದರೆ ಕಿಡಿಗೆ ಸಿಕ್ಕಿದ್ದು ಮತ್ತೊಂದು ತ್ರಿಕೋನ, ಈ ಸಲ ಇಳಿಜಾರಿನದು: 39 ಮಿಲಿಜೌಲ್. ಇಟ್ಟ 53.7ರಲ್ಲಿ ಉಳಿದದ್ದು ಆ ಸಣ್ಣ ತಂತಿಯ ರೆಸಿಸ್ಟೆನ್ಸ್‌ನಲ್ಲೂ ತಿರುಳಿನಲ್ಲೂ ಕರಗುತ್ತದೆ.

ಕೆಪಾಸಿಟರ್‌ಗೆ ಬಂದರೆ ವೋಲ್ಟೇಜ್ ಮತ್ತು ಪ್ರವಾಹ ಪರಸ್ಪರ ಜಾಗ ಬದಲಿಸುತ್ತವೆ, ಉಳಿದದ್ದೆಲ್ಲ ಹಾಗೇ. ಬಹಳಷ್ಟು ಬೈಕು, ಮೊಪೆಡ್‌ಗಳಲ್ಲಿ ಇದ್ದ ಸಿಡಿಐ ಡಬ್ಬಿ ಶಕ್ತಿಯನ್ನು ಕೆಪಾಸಿಟರ್‌ನಲ್ಲಿ ಕೂಡಿಡುತ್ತದೆ. 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ ಒಂದೇ ಸಮನೆ 10 ಮಿಲಿಆಂಪಿಯರ್ ಹರಿಸಿದರೆ ವೋಲ್ಟೇಜ್ ನೇರ ಗೆರೆಯಲ್ಲಿ ಏರಿ 30 ಮಿಲಿಸೆಕೆಂಡಿಗೆ 300 ಮುಟ್ಟುತ್ತದೆ. ಪವರ್ ಕೊನೆಗೆ 3 ವ್ಯಾಟ್, ತ್ರಿಕೋನದ ವಿಸ್ತೀರ್ಣ 45 ಮಿಲಿಜೌಲ್. ½Cv² ಕೂಡ ಅದನ್ನೇ ಹೇಳುತ್ತದೆ. ನಿಜವಾದ ಬೈಕಿನಲ್ಲಿ ಮ್ಯಾಗ್ನೆಟೊ ಒಂದೇ ಸಮನೆ ಪ್ರವಾಹ ಕೊಡುವುದಿಲ್ಲ, ಗುಡ್ಡ ಗುಡ್ಡವಾಗಿ ಕೊಡುತ್ತದೆ. ಆಗ ಪವರ್ ಗೆರೆಯೂ ತ್ರಿಕೋನವಲ್ಲ. ಆದರೂ 300 ವೋಲ್ಟ್ ಮುಟ್ಟಿದ್ದರೆ ವಿಸ್ತೀರ್ಣ ಅದೇ 45. ದಾರಿ ಯಾವುದಾದರೂ ಕೆಪಾಸಿಟರ್‌ನಲ್ಲಿರುವ ಶಕ್ತಿಗೆ ಕೊನೆಯ ವೋಲ್ಟೇಜ್ ಒಂದೇ ಲೆಕ್ಕ, ದಾರಿಯಿಂದ ಬದಲಾಗುವುದು ತಂತಿಯಲ್ಲಿ ಪೋಲಾಗುವ ಶಾಖ.

ಹಾಗಿದ್ದರೆ 45 ಮಿಲಿಜೌಲ್ ಕೂಡಿಡುವ ಸಿಡಿಐಯನ್ನು ಬಿಟ್ಟು ಕಾರುಗಳು ಕಾಯಿಲ್‌ಗೇ ಅಂಟಿಕೊಂಡದ್ದೇಕೆ? ಕೆಪಾಸಿಟರ್ ತನ್ನಲ್ಲಿದ್ದದ್ದನ್ನು ಮಿಲಿಸೆಕೆಂಡಿನ ಒಂದು ಸಣ್ಣ ಭಾಗದಲ್ಲೇ ಸುರಿದುಬಿಡುತ್ತದೆ. ಅದರ ತ್ರಿಕೋನ ಎತ್ತರ, ಆದರೆ ಪಾದ ಬಹಳ ಕಿರಿದು. ಸಿಲಿಂಡರಿನಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು ಇದ್ದಾಗ ಬೆಂಕಿ ಹತ್ತಲು ಕಿಡಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಾಯಿಲ್‌ನ ಒಂದೂವರೆ ಮಿಲಿಸೆಕೆಂಡ್ ಅಲ್ಲಿ ಕೆಲಸಕ್ಕೆ ಬರುತ್ತದೆ.