ತೆರಿಗೆ ಬಾಕಿ ಕಟ್ಟುವ ಮುನ್ನ ಎರಡು ಕಾಲಂ ನೋಡಿ

ರಿಟರ್ನ್ ಪರಿಶೀಲನೆಯ ನಂತರ ಆದಾಯ ತೆರಿಗೆ ಇಲಾಖೆಯಿಂದ 143(1) ಸೂಚನಾಪತ್ರ ಬಂದು ಬಾಕಿ ತೋರಿಸಿದರೆ ಗಾಬರಿಯಿಂದ ಹಣ ಕಟ್ಟಬೇಡಿ. ನಿಮ್ಮ ಲೆಕ್ಕ, ಇಲಾಖೆಯ ಲೆಕ್ಕ ಅಕ್ಕಪಕ್ಕದ ಕಾಲಂಗಳಲ್ಲಿರುತ್ತವೆ. ಯಾವ ಸಾಲಿನಲ್ಲಿ ಅಂಕಿ ಬೇರೆಯಾಗಿದೆ ಎಂದು ಹುಡುಕಿ.

ಸಂಬಳದಾರರೊಬ್ಬರು 42,000 ರೂಪಾಯಿ ಟಿಡಿಎಸ್ ತೋರಿಸಿದ್ದು, ಇಲಾಖೆ 30,000 ಮಾತ್ರ ಒಪ್ಪಿದೆ ಎನ್ನಿ. ಉಳಿದ 12,000, ಮೇಲೆ ಬಡ್ಡಿ ಬಾಕಿ. ಕೊನೆಯ ತ್ರೈಮಾಸಿಕದ ಕಡಿತ ಪೇ ಸ್ಲಿಪ್‌ನಲ್ಲಿದೆ, ಫಾರ್ಮ್ 26ಎಎಸ್‌ನಲ್ಲಿಲ್ಲ. ಇದನ್ನು ಖಂಡಿತ ಪ್ರಶ್ನಿಸಬೇಕು. ಒಮ್ಮೆ ಕಡಿತವಾದ ತೆರಿಗೆಯನ್ನು ನೌಕರರಿಂದ ಮತ್ತೆ ಕೇಳುವಂತಿಲ್ಲ. ಪೋರ್ಟಲ್‌ನಲ್ಲಿ ಬಾಕಿಗೆ ಒಪ್ಪಿಗೆಯಿಲ್ಲವೆಂದು ಉತ್ತರಿಸಿ, ಕಂಪನಿಯಿಂದ ಟಿಡಿಎಸ್ ವಿವರ ತಿದ್ದಿಸಿ. 26ಎಎಸ್‌ನಲ್ಲಿ ಅದು ಕಾಣಿಸಿದ ಮೇಲೆ ರೆಕ್ಟಿಫಿಕೇಶನ್ ಅರ್ಜಿ ಹಾಕಿ.

ಕಡಿತವೇ ಆಗಿರದಿದ್ದರೆ ಬಾಕಿ ನಿಮ್ಮದೇ. 30 ದಿನದೊಳಗೆ ಕಟ್ಟಿಬಿಡಿ, ತಡವಾದರೆ ತಿಂಗಳಿಗೆ ಶೇ 1ರಷ್ಟು ಬಡ್ಡಿ ಬೀಳುತ್ತದೆ.