ಸಂದರ್ಶನ ಮುಗಿದ ಮೇಲೆ ಬಂದ ಸರ್ಟಿಫಿಕೇಟು
ಪುಟ್ಟೇನಹಳ್ಳಿಯ ರೂಮಿನಿಂದಲೇ ಕ್ಲೌಡ್ ಕೆಲಸಕ್ಕೆ ಸಂದರ್ಶನ ಕೊಟ್ಟಿದ್ದೀರಿ. ಉತ್ತರ ಬರುವ ಮೊದಲೇ ಎಡಬ್ಲ್ಯುಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಪಾಸಾಯಿತು ಎನ್ನಿ. ತಿಳಿಸಿದರೆ ಅಂಗಲಾಚಿದಂತಾಗದೇ? "ಏನಾಯ್ತು ಸರ್" ಎಂದಷ್ಟೇ ಕೇಳಿದರೆ ಹೌದು. ಹೊಸ ಪುರಾವೆ ಕೊಟ್ಟರೆ, ಅನುಮಾನದಲ್ಲಿರುವ ಸಂದರ್ಶಕರಿಗೆ ತಂಡದ ಮುಂದಿಡಲು ಏನೋ ಸಿಕ್ಕಂತೆ. ಹಳೆಯ ಮೇಲ್‌ಗೇ ಉತ್ತರಿಸಿ, ಕ್ರೆಡ್ಲಿ ಬ್ಯಾಡ್ಜ್‌ನ ಲಿಂಕ್ ಹಾಕಿ. ಪಿಡಿಎಫ್ ತಿದ್ದಬಹುದು, ಲಿಂಕನ್ನು ಅವರೇ ಒತ್ತಿ ಪರೀಕ್ಷಿಸಬಹುದು.

ಸರ್ಟಿಫಿಕೇಟು ಅನುಭವಕ್ಕೆ ಸಮವೇ ಎಂದರೆ, ಅಲ್ಲ. ಅದು ಉತ್ತರ ಆರಿಸುವ ಪರೀಕ್ಷೆ, ಅಷ್ಟೇ. ಆದ್ದರಿಂದ ಸಂದರ್ಶನದಲ್ಲಿ ತಡವರಿಸಿದ ಪ್ರಶ್ನೆಯನ್ನೇ ಎತ್ತಿಕೊಂಡು ಮೇಲ್‌ನಲ್ಲಿ ಉತ್ತರಿಸಿ: "ಪ್ರೈವೇಟ್ ಸಬ್‌ನೆಟ್‌ನ ಸರ್ವರ್ ಇಂಟರ್ನೆಟ್ ತಲುಪಲು ಪಬ್ಲಿಕ್ ಸಬ್‌ನೆಟ್‌ನಲ್ಲಿ ನ್ಯಾಟ್ ಗೇಟ್‌ವೇ ಇಡುತ್ತೇನೆ, ಪ್ರೈವೇಟ್ ಸಬ್‌ನೆಟ್‌ನ ರೂಟ್ ಟೇಬಲ್ ಅದರತ್ತ ತಿರುಗಿಸುತ್ತೇನೆ." ಕೆಲಸಕ್ಕೆ ಸಂಬಂಧವಿಲ್ಲದ ಸರ್ಟಿಫಿಕೇಟಾದರೆ ಮೇಲ್ ಕಳಿಸಲೇಬೇಡಿ.