‘ಶುಲ್ಕವಿಲ್ಲ’ ಎಂದಾಗ ದರ ನೋಡಬೇಕು

ದುಬೈನಿಂದ ಊರಿಗೆ ಹಣ ಕಳುಹಿಸುವ ಖರ್ಚು ಎರಡು ಕಡೆ ಬೀಳುತ್ತದೆ. ಒಂದು ಶುಲ್ಕ, ಅದು ರಸೀದಿಯಲ್ಲೇ ಕಾಣುತ್ತದೆ. ಇನ್ನೊಂದು ವಿನಿಮಯ ದರದೊಳಗೆ ಸೇರಿಕೊಂಡಿರುವ ಮಾರ್ಜಿನ್. ದೊಡ್ಡ ಮಾರುಕಟ್ಟೆಯಲ್ಲಿ ಕರೆನ್ಸಿ ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ದರವೇ ಮಧ್ಯದರ. ಮೊಬೈಲಿನಲ್ಲಿ ಹುಡುಕಿದಾಗ ಸಾಮಾನ್ಯವಾಗಿ ಕಾಣುವುದು ಇದು. ಎಕ್ಸ್‌ಚೇಂಜ್ ಕೌಂಟರಿನಲ್ಲಿ ಸಿಗುವ ದರ ಅದಕ್ಕಿಂತ ಕೆಲವು ಪೈಸೆ ಕಡಿಮೆ. ಆ ಪೈಸೆಗಳೇ ಮಾರ್ಜಿನ್. ಅದಕ್ಕೆ ರಸೀದಿಯಲ್ಲಿ ಬೇರೆ ಸಾಲು ಇರುವುದಿಲ್ಲ.

ಲೆಕ್ಕ ಸುಲಭವಾಗಲೆಂದು ದಿರ್ಹಮಿಗೆ ಮಧ್ಯದರ 23 ರೂಪಾಯಿ ಎಂದಿಟ್ಟುಕೊಳ್ಳಬಹುದು. ಉಡುಪಿಯ ಮನೆಗೆ ಕಳುಹಿಸಲು ಒಬ್ಬರ ಕೈಯಲ್ಲಿ 2,000 ದಿರ್ಹಮ್ ಇದೆ. ಮೊದಲ ಎಕ್ಸ್‌ಚೇಂಜಿನಲ್ಲಿ ಶುಲ್ಕ 20 ದಿರ್ಹಮ್, ದರ 22.90. ಉಳಿದ 1,980 ದಿರ್ಹಮಿಗೆ ಮನೆಗೆ ತಲುಪುವುದು 45,342 ರೂಪಾಯಿ. ಎರಡನೆಯದು ಶುಲ್ಕವೇ ಇಲ್ಲ ಎನ್ನುತ್ತದೆ, ಆದರೆ ದರ 22.60. ಅಲ್ಲಿಂದ ತಲುಪುವುದು 45,200. ಶುಲ್ಕವಿಲ್ಲದ ದಾರಿಯಲ್ಲಿ ಮನೆಯವರ ಕೈಗೆ 142 ರೂಪಾಯಿ ಕಡಿಮೆಯೇ ಬಂತು.

ಕಳುಹಿಸುವುದು 500 ದಿರ್ಹಮ್ ಮಾತ್ರವಾದರೆ ಇದು ತಿರುಗಿಬೀಳುತ್ತದೆ. ಮೊದಲಿನದರಿಂದ 10,992, ಎರಡನೆಯದರಿಂದ 11,300. ಶುಲ್ಕ ಎಷ್ಟು ಕಳುಹಿಸಿದರೂ ಅಷ್ಟೇ, ಮಾರ್ಜಿನ್ ಮಾತ್ರ ಮೊತ್ತದ ಜೊತೆ ಬೆಳೆಯುತ್ತದೆ. ಈ ದರಗಳಲ್ಲಿ ಎರಡೂ ಸಮವಾಗುವುದು ಸುಮಾರು 1,527 ದಿರ್ಹಮಿನಲ್ಲಿ. ಹಾಗಾಗಿ ವಾರವಾರ ಚೂರುಚೂರು ಕಳುಹಿಸುವವರು ತಿಂಗಳಿಗೊಮ್ಮೆ ಒಟ್ಟಿಗೆ ಕಳುಹಿಸಿದರೆ ಶುಲ್ಕ ಒಂದೇ ಸಲ ಬೀಳುತ್ತದೆ. ಮನೆಯ ಖರ್ಚು ಅಲ್ಲಿಯವರೆಗೆ ಕಾಯಬಲ್ಲದಾದರೆ ಮಾತ್ರ.

ಬ್ಯಾಂಕಿನಿಂದ ಸ್ವಿಫ್ಟ್ ಮೂಲಕ ಕಳುಹಿಸುವಾಗ ಇನ್ನಷ್ಟು ಎಚ್ಚರ ಬೇಕು. ಹಣ ವಿದೇಶಿ ಕರೆನ್ಸಿಯಲ್ಲೇ ಹೊರಟರೆ ಅದನ್ನು ರೂಪಾಯಿ ಮಾಡುವುದು ಭಾರತದ ಬ್ಯಾಂಕ್, ಅದರದೇ ದರದಲ್ಲಿ. ಆ ದರ ಕಳುಹಿಸುವವರಿಗೆ ಮುಂಚೆ ಗೊತ್ತಿರುವುದಿಲ್ಲ. ದಾರಿಯಲ್ಲಿರುವ ಮಧ್ಯವರ್ತಿ ಬ್ಯಾಂಕೂ ತನ್ನ ಪಾಲು ಮುರಿದುಕೊಳ್ಳಬಹುದು. ಶುಲ್ಕ ಯಾರ ಮೇಲೆ ಎಂಬ ಕಡೆ SHA ಎಂದು ತುಂಬಿದರೆ ಆ ಕಡಿತ ಕಳುಹಿಸಿದ ಮೊತ್ತದಲ್ಲೇ ಆಗುತ್ತದೆ. OUR ಎಂದರೆ ಕಳುಹಿಸುವವರೇ ಮೊದಲೇ ಕಟ್ಟುತ್ತಾರೆ. ಕಡಿತವಾಗಿದೆಯೇ ಎಂದು ತಿಳಿಯಲು ಕಳುಹಿಸಿದ ವಿದೇಶಿ ಮೊತ್ತವನ್ನೂ ಭಾರತದ ಬ್ಯಾಂಕಿಗೆ ಬಂದ ವಿದೇಶಿ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ರೂಪಾಯಿ ಮೊತ್ತವನ್ನಷ್ಟೇ ನೋಡಿದರೆ ಕಡಿತ ಯಾವುದು, ಮಾರ್ಜಿನ್ ಯಾವುದು ಎಂದು ಬಿಡಿಸಲಾಗದು.

ಆ್ಯಪ್ ಆಗಲಿ, ಎಕ್ಸ್‌ಚೇಂಜ್ ಆಗಲಿ, ಕೇಳಬೇಕಾದ ಪ್ರಶ್ನೆ ಒಂದೇ: ಕೈಯಿಂದ ಒಟ್ಟು ಇಷ್ಟು ದಿರ್ಹಮ್ ಹೋದರೆ ಊರಿನ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ? ಉತ್ತರಗಳನ್ನು ಒಂದೇ ಹೊತ್ತಿನಲ್ಲಿ ತೆಗೆದುಕೊಳ್ಳಬೇಕು, ಬೆಳಗಿನ ದರ ಸಂಜೆಗೆ ಇರುವುದಿಲ್ಲ. ಹೊಸ ಗ್ರಾಹಕರಿಗೆಂದು ಆ್ಯಪ್ ತೋರಿಸುವ ಒಳ್ಳೆಯ ದರ ಮೊದಲ ಸಲಕ್ಕಷ್ಟೇ ಇರಬಹುದು. ಎರಡನೆಯ ಸಲ ಮತ್ತೆ ಹೋಲಿಸಲೇಬೇಕು.